38 ಹರ್ಟ್ಸ್‌ನಲ್ಲಿ ಮೋಟಾರ್ ತಿರುಗುತ್ತದೆ, ನೀರು ಮಾತ್ರ ಬರುವುದಿಲ್ಲ: ಡಿಸಿಗೆ ಬದಲಾಯಿಸಬೇಕೇ, ಡ್ರೈವ್ ಇರುವ ಎಸಿಯೇ ಸಾಕೇ?

ಒಣಬೇಸಾಯ

ಎಲ್ಲರಿಗೂ ನಮಸ್ಕಾರ. ಕೊಳವೆಬಾವಿಯಲ್ಲಿ ಮೊದಲಿನಿಂದ ಇದ್ದ 5 ಎಚ್‌ಪಿ ತ್ರೀ ಫೇಸ್ ಸಬ್‌ಮರ್ಸಿಬಲ್ ಪಂಪನ್ನೇ ಉಳಿಸಿಕೊಂಡು, 300 ವ್ಯಾಟಿನ 16 ಪ್ಯಾನೆಲ್‌ಗಳನ್ನು ಒಂದೇ ಸರಣಿಯಲ್ಲಿ ಜೋಡಿಸಿ, ಪ್ಯಾನೆಲ್‌ನ ಡಿಸಿಯನ್ನು ಎಸಿ ಮಾಡಿ ಬಿಸಿಲಿಗೆ ತಕ್ಕಂತೆ ಮೋಟಾರಿನ ವೇಗ ಹೊಂದಿಸುವ ಸೋಲಾರ್ ಡ್ರೈವ್ ಹಾಕಿಸಿದ್ದೇನೆ. ನಡುಹಗಲಿನಲ್ಲಿ ನೀರು ಚೆನ್ನಾಗಿ ಬರುತ್ತದೆ. ತೊಂದರೆ ಇರುವುದು ಬೆಳಗಿನ ಹೊತ್ತಿನಲ್ಲಿ. ಡ್ರೈವ್‌ನ ಪರದೆಯಲ್ಲಿ 30, 35, 38 ಹರ್ಟ್ಸ್ ಎಂದು ಏರುತ್ತಾ ಹೋಗುತ್ತದೆ, ಪೈಪಿಗೆ ಕಿವಿಗೊಟ್ಟರೆ ಮೋಟಾರ್ ತಿರುಗುವ ಸದ್ದೂ ಕೇಳಿಸುತ್ತದೆ, ಆದರೆ ತೊಟ್ಟಿಗೆ ಒಂದು ಹನಿಯೂ ಬೀಳುವುದಿಲ್ಲ. ತೆಳು ಮೋಡ ಹಾದುಹೋದಾಗಲೂ ಹೀಗೆಯೇ ಆಗುತ್ತದೆ: 46ರಲ್ಲಿದ್ದದ್ದು 39ಕ್ಕೆ ಇಳಿದರೆ ನೀರು ಕಡಿಮೆಯಾಗುವುದಲ್ಲ, ಪೂರ್ತಿ ನಿಂತುಹೋಗುತ್ತದೆ. ವೇಗದಲ್ಲಿ ಆರರಲ್ಲಿ ಒಂದು ಪಾಲು ಕಡಿಮೆಯಾದರೆ ನೀರೂ ಅಷ್ಟೇ ಕಡಿಮೆಯಾಗಬೇಕಲ್ಲವೇ? ಡಿಸಿ ಮೋಟಾರ್ ಹಾಕಿದರೆ ಹೊತ್ತು ಮೂಡಿದಾಗಿನಿಂದಲೇ ನೀರು ಬರುತ್ತದೆ ಎಂದು ಪರಿಚಯದವರೊಬ್ಬರು ಹೇಳುತ್ತಿದ್ದಾರೆ. ಬದಲಾಯಿಸುವುದು ಸರಿಯೇ?

ಸೂರ್ಯಕಾಂತಿ

ಖಂಡಿತ ಬದಲಾಯಿಸಿ. ಪ್ಯಾನೆಲ್ ಕೊಡುವುದೇ ಡಿಸಿ. ಅದನ್ನು ಎಸಿ ಮಾಡಿ ಮೋಟಾರಿಗೆ ಕೊಡುವಾಗ ನಡುವೆ ಒಂದಷ್ಟು ಶಕ್ತಿ ಸುಮ್ಮನೆ ಹೋಗುತ್ತದೆ. ಡಿಸಿ ಮೋಟಾರಿಗೆ ಆ ಪರಿವರ್ತನೆಯೇ ಬೇಡವಾದ್ದರಿಂದ ಅದು ಕಡಿಮೆ ಬಿಸಿಲಿನಲ್ಲೂ ನೀರು ಎತ್ತುತ್ತದೆ. ನಾನು ನೋಡಿದ ಡಿಸಿ ಪಂಪ್‌ಗಳೆಲ್ಲ ಬೆಳಗ್ಗೆ ಬೇಗ ಶುರುವಾಗುತ್ತವೆ.

ನೀರಗಂಟಿ

ಡಿಸಿ ಪಂಪ್‌ಗಳು ಬೇಗ ಶುರುವಾಗುವುದನ್ನು ಸೂರ್ಯಕಾಂತಿ ಅವರು ನೋಡಿರುವುದು ನಿಜ, ಆದರೆ ಕಾರಣ ಅದಲ್ಲ. ಈಗ ಡಿಸಿ ಎಂದು ಮಾರುವ ಸಬ್‌ಮರ್ಸಿಬಲ್ ಮೋಟಾರ್‌ಗಳಲ್ಲಿ ಬಹುಪಾಲು ಬಿಎಲ್‌ಡಿಸಿ, ಅಂದರೆ ಬ್ರಷ್ ಇಲ್ಲದ ಡಿಸಿ ಮೋಟಾರ್. ಅವುಗಳ ಒಳಗೂ ಮೂರು ವೈಂಡಿಂಗ್‌ಗಳೇ ಇರುತ್ತವೆ, ಕಂಟ್ರೋಲರ್ ಪ್ಯಾನೆಲ್‌ನ ಡಿಸಿಯನ್ನು ಕತ್ತರಿಸಿ ಆ ಮೂರಕ್ಕೂ ಸರದಿಯಂತೆ ಹಂಚುತ್ತದೆ. ಅಂದರೆ ನಿಮ್ಮ ಡ್ರೈವ್ ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ, ಅದರಲ್ಲೂ ಹೆಚ್ಚುಕಡಿಮೆ ಅಷ್ಟೇ ನಷ್ಟವಾಗುತ್ತದೆ. ವ್ಯತ್ಯಾಸ ಇರುವುದು ರೋಟರ್‌ನಲ್ಲಿ. ಬಿಎಲ್‌ಡಿಸಿ ರೋಟರ್‌ನಲ್ಲಿ ಆಯಸ್ಕಾಂತ ಮೊದಲೇ ಇದೆ. ಇಂಡಕ್ಷನ್ ಮೋಟಾರ್ ತನ್ನ ಕಾಂತತ್ವವನ್ನು ತಾನೇ ಕರೆಂಟ್ ಎಳೆದು ಹುಟ್ಟಿಸಿಕೊಳ್ಳಬೇಕು, ರೋಟರ್ ಕಂಬಿಗಳಲ್ಲಿ ಆ ಶಕ್ತಿಯ ಒಂದು ಪಾಲು ಬಿಸಿಯಾಗಿ ಹೋಗುತ್ತದೆ. ಹೊರೆ ಕಡಿಮೆಯಿದ್ದಾಗ ಈ ಅಂತರ ಇನ್ನಷ್ಟು ಎದ್ದು ಕಾಣುತ್ತದೆ.

ಆದರೆ ಒಣಬೇಸಾಯ ಅವರ ತೊಂದರೆಯ ಮೂಲ ಮೋಟಾರ್‌ನಲ್ಲಿಲ್ಲ, ಪಂಪ್‌ನಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಮೂರು ಅಂಕಿಗಳನ್ನು ಕೊಡಿ: ನೀರಿನ ಮಟ್ಟ ನೆಲದಿಂದ ಎಷ್ಟು ಆಳದಲ್ಲಿದೆ, ತೊಟ್ಟಿಯ ಬಾಯಿ ನೆಲದಿಂದ ಎಷ್ಟು ಎತ್ತರದಲ್ಲಿದೆ, ಪಂಪ್ ಜೊತೆಗೆ ಬಂದ ಹಾಳೆಯಲ್ಲಿ ನೀರು ಸೊನ್ನೆಯಾಗುವ ಹೆಡ್, ಅಂದರೆ ಪಂಪ್ ನೀರನ್ನು ತಳ್ಳಬಲ್ಲ ಎತ್ತರ, ಎಷ್ಟೆಂದು ಬರೆದಿದ್ದಾರೆ.

ಒಣಬೇಸಾಯ

ನೀರಿನ ಮಟ್ಟ 45 ಮೀಟರ್ ಆಳದಲ್ಲಿದೆ, ತೊಟ್ಟಿಯ ಬಾಯಿ ನೆಲದಿಂದ 5 ಮೀಟರ್ ಮೇಲಿದೆ. ಹಾಳೆಯಲ್ಲಿ ಗರಿಷ್ಠ ಹೆಡ್ 80 ಮೀಟರ್ ಎಂದಿದೆ, 54 ಮೀಟರ್ ಹೆಡ್‌ಗೆ ಸೆಕೆಂಡಿಗೆ 3 ಲೀಟರ್ ಎಂದೂ ಇದೆ.

ಹಿತ್ತಲ ಬಾವಿ

ನನಗೂ ಇದೇ ವಿಷಯ ಬೇಕಿತ್ತು. ನಮ್ಮದು 1 ಎಚ್‌ಪಿ ಸಿಂಗಲ್ ಫೇಸ್ ಮೋಟಾರ್, ಪೆಟ್ಟಿಗೆಯಲ್ಲಿ ಎರಡು ಕೆಪಾಸಿಟರ್‌ಗಳಿವೆ. ಇದೇ ರೀತಿಯ ಡ್ರೈವ್ ತಂದು ಪ್ಯಾನೆಲ್‌ಗೆ ಜೋಡಿಸಿದರೆ ಆಯಿತಲ್ಲವೇ?

ವೈಂಡಿಂಗ್ ಕೆಲಸ

ಬೇಡ. ಸಿಂಗಲ್ ಫೇಸ್ ಮೋಟಾರಿನ ಕೆಪಾಸಿಟರನ್ನು 50 ಹರ್ಟ್ಸ್‌ಗೆ ಲೆಕ್ಕಹಾಕಿ ಇಟ್ಟಿರುತ್ತಾರೆ. ಹರ್ಟ್ಸ್ ಇಳಿದಂತೆ ಅದು ತನ್ನ ಕೆಲಸ ಮಾಡುವುದಿಲ್ಲ, ತಿರುಗುಬಲ ಕುಸಿಯುತ್ತದೆ. ಸ್ಟಾರ್ಟಿಂಗ್ ಕೆಪಾಸಿಟರನ್ನು ಬಿಡಿಸುವ ರಿಲೇಯೋ ಸ್ವಿಚ್ಚೋ ಇದ್ದರೆ, ಮೋಟಾರ್ ಸಾಕಷ್ಟು ವೇಗಕ್ಕೆ ಏರದ ಕಾರಣ ಅದು ಬಿಡಿಸಿಕೊಳ್ಳದೆ ಸ್ಟಾರ್ಟಿಂಗ್ ವೈಂಡಿಂಗ್ ಸುಡುತ್ತದೆ. ಹಾಗೆ ಸುಟ್ಟು ನಮ್ಮಲ್ಲಿಗೆ ಬಂದ ಮೋಟಾರ್‌ಗಳನ್ನು ಬಿಚ್ಚಿದರೆ ಮುಖ್ಯ ವೈಂಡಿಂಗ್ ಹೊಳೆಯುತ್ತಿರುತ್ತದೆ, ಸ್ಟಾರ್ಟಿಂಗ್ ಕಾಯಿಲ್ ಮಾತ್ರ ಕಪ್ಪಾಗಿರುತ್ತದೆ. ನಿಮ್ಮ ಅಳತೆಗೆ ಹೊಸದಾಗಿ ಸಣ್ಣ ಬಿಎಲ್‌ಡಿಸಿ ಪಂಪ್ ಹಾಕುವುದೇ ಸರಿ. ಅಲ್ಲಿ ಒಂದನ್ನು ನೋಡಿಕೊಳ್ಳಿ: ಕಡಿಮೆ ವೋಲ್ಟೇಜಿನ ಮಾದರಿಯಾದರೆ ಅಷ್ಟೇ ಶಕ್ತಿಗೆ ಕರೆಂಟ್ ಹೆಚ್ಚು ಹರಿಯುತ್ತದೆ, ಆಳಕ್ಕೆ ಇಳಿಸುವ ಕೇಬಲ್ ದಪ್ಪವಿಲ್ಲದಿದ್ದರೆ ಬೆಳಗಿನ ಲಾಭವೆಲ್ಲ ಕೇಬಲ್‌ನಲ್ಲೇ ಕರಗುತ್ತದೆ.

ನೀರಗಂಟಿ

ಒಣಬೇಸಾಯ ಅವರೇ, ನಿಮ್ಮ ಅಂಕಿಗಳಲ್ಲೇ ಉತ್ತರವಿದೆ. ಸೆಂಟ್ರಿಫ್ಯೂಗಲ್ ಪಂಪ್‌ನಲ್ಲಿ ವೇಗ ಇಳಿದರೆ ನೀರು ಅದೇ ಪ್ರಮಾಣದಲ್ಲಿ ಇಳಿಯುತ್ತದೆ ಎಂಬ ಮಾತು, ಪಂಪ್ ಎತ್ತರಕ್ಕೆ ತಳ್ಳಬೇಕಾಗಿಲ್ಲದಿದ್ದಾಗ ಮಾತ್ರ ಸರಿ. ಅದು ಹುಟ್ಟಿಸುವ ಹೆಡ್ ವೇಗದ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ. ನೀವು ಎತ್ತಬೇಕಾದ 50 ಮೀಟರ್ ಮಾತ್ರ ಬಿಸಿಲು ಹೇಗಿದ್ದರೂ 50 ಮೀಟರೇ. ಪೂರ್ಣ ವೇಗದಲ್ಲಿ 80 ಮೀಟರ್ ತಳ್ಳಬಲ್ಲ ಪಂಪ್ ಯಾವ ವೇಗದಲ್ಲಿ ಸರಿಯಾಗಿ 50 ಮೀಟರ್ ತಳ್ಳುತ್ತದೆ ಎಂದು ನೋಡಿದರೆ ಸಾಕು:

f = 50 × √(50/80) ≈ 39.5

39.5 ಹರ್ಟ್ಸ್‌ವರೆಗೆ ಪಂಪ್ ಪೈಪಿನೊಳಗಿನ ನೀರಿನ ಕಂಬವನ್ನು ಹೊತ್ತು ನಿಂತಿರುತ್ತದೆ, ಅಷ್ಟೆ. ನೀವು ಕಂಡ 38 ಮತ್ತು 39 ಎರಡೂ ಅದರ ಕೆಳಗಿವೆ. ಮೇಲೇರಿದಂತೆ ಏನಾಗುತ್ತದೆ ಎಂಬುದನ್ನೂ ಲೆಕ್ಕಹಾಕಿದೆ, ಪೈಪಿನ ಘರ್ಷಣೆಗೆ ಪೂರ್ಣ ಹರಿವಿನಲ್ಲಿ 4 ಮೀಟರ್ ಹಿಡಿದಿದ್ದೇನೆ. 40 ಹರ್ಟ್ಸ್‌ಗೆ ಸೆಕೆಂಡಿಗೆ 0.6 ಲೀಟರ್, 42.5ಕ್ಕೆ 1.5, 45ಕ್ಕೆ 2.1, 50ಕ್ಕೆ 3 ಲೀಟರ್ ಬರಬೇಕು. ಅಂದರೆ ನಿಮ್ಮ ನೀರೆಲ್ಲ ಕೊನೆಯ ಹತ್ತೂವರೆ ಹರ್ಟ್ಸ್‌ನಲ್ಲಿ ಅಡಗಿದೆ. ಬೇಸಿಗೆಯಲ್ಲಿ ನೀರಿನ ಮಟ್ಟ ಇನ್ನೂ 10 ಮೀಟರ್ ಕೆಳಗೆ ಹೋದರೆ ಮೊದಲ ಹನಿ ಬೀಳುವುದೇ 43ರ ಮೇಲೆ, 45ರಲ್ಲಿ ಬರುವ ನೀರು 2.1ರಿಂದ 1.2 ಲೀಟರಿಗೆ ಇಳಿಯುತ್ತದೆ.

ಇನ್ನು ಬಿಸಿಲು. ಬೆಳಕು ಹೆಚ್ಚಿದಂತೆ ಪ್ಯಾನೆಲ್‌ನ ಕರೆಂಟ್ ಹೆಚ್ಚುತ್ತದೆ, ವೋಲ್ಟೇಜ್ ಅಷ್ಟಾಗಿ ಬದಲಾಗುವುದಿಲ್ಲ. ಡ್ರೈವ್ ಹರ್ಟ್ಸನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತದೆ, ಪ್ಯಾನೆಲ್‌ಗಳು ಕೊಡಬಲ್ಲದ್ದಕ್ಕಿಂತ ಹೆಚ್ಚು ಎಳೆದಾಗ ವೋಲ್ಟೇಜ್ ಕುಸಿಯತೊಡಗುತ್ತದೆ, ಆಗ ಅದು ಹರ್ಟ್ಸ್ ಇಳಿಸುತ್ತದೆ. ಪರದೆಯಲ್ಲಿ ಅಂಕಿ ಸದಾ ಹಿಂದೆ ಮುಂದೆ ಆಡುವುದು ಇದರಿಂದಲೇ. ನಿಮ್ಮ ಪಂಪ್ ಪೂರ್ಣ ವೇಗದಲ್ಲಿ ಓಡಲು ನನ್ನ ಅಂದಾಜಿನಲ್ಲಿ 3.7 ಕಿಲೋವ್ಯಾಟ್ ಬೇಕು, ಮೊದಲ ಹನಿ ಬೀಳುವ ಹಂತ ಮುಟ್ಟಲೇ 1.3 ಕಿಲೋವ್ಯಾಟ್ ಆಸುಪಾಸು ಬೇಕು. 4.8 ಕಿಲೋವ್ಯಾಟ್ ಪ್ಯಾನೆಲ್‌ಗಳಿಗೆ ಅಷ್ಟು ಕೊಡಲು ಪೂರ್ಣ ಬಿಸಿಲಿನ ಮೂರನೇ ಒಂದಕ್ಕಿಂತ ತುಸು ಕಡಿಮೆ ಬೆಳಕಾದರೂ ಬೀಳಬೇಕು. ಅದಕ್ಕಿಂತ ಕೆಳಗಿನ ಬೆಳಕೆಲ್ಲ ಇಂಪೆಲ್ಲರ್‌ಗಳು ನಿಂತ ನೀರನ್ನು ಕಲಕುವುದಕ್ಕೇ ಸರಿಹೋಗುತ್ತದೆ.

ಸೂರ್ಯಕಾಂತಿ

ರೋಟರ್‌ನ ವಿಷಯ ಒಪ್ಪಿದೆ. ಹಾಗಾದರೂ ನನ್ನ ಮಾತು ಉಳಿಯುತ್ತದೆ, ಬಿಎಲ್‌ಡಿಸಿ ಹಾಕಿದರೆ ನೀರು ಬೇಗ ಬರುತ್ತದೆ. ಅದು ಬೇಡವೆಂದರೆ ಇನ್ನೊಂದು ದಾರಿಯಿದೆ. ಹೆಚ್ಚು ಸ್ಟೇಜ್‌ಗಳಿರುವ, 100 ಮೀಟರ್ ತಳ್ಳುವ ಪಂಪ್ ಕಟ್ಟಿದರೆ ನಿಮ್ಮದೇ ಸೂತ್ರದ ಪ್ರಕಾರ 35 ಹರ್ಟ್ಸ್‌ಗೇ ನೀರು ಬೀಳಬೇಕಲ್ಲವೇ?

ನೀರಗಂಟಿ

ಈ ಪ್ರಶ್ನೆ ಬಂದದ್ದು ಒಳ್ಳೆಯದಾಯಿತು, ಏಕೆಂದರೆ ಹರ್ಟ್ಸ್ ಅಂಕಿಯನ್ನೇ ನೋಡುತ್ತಾ ಕುಳಿತರೆ ದಾರಿ ತಪ್ಪುವುದು ಇಲ್ಲಿಯೇ. 35 ಹರ್ಟ್ಸ್‌ಗೆ ನೀರು ಬೀಳುವುದು ನಿಜ. ಆದರೆ ಆ 35ನ್ನು ಮುಟ್ಟಲು ಕಾಲುಪಾಲು ಹೆಚ್ಚು ಇಂಪೆಲ್ಲರ್‌ಗಳನ್ನು ತಿರುಗಿಸಬೇಕು. ಬೇಕಾಗುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಇಳಿಯುತ್ತದೆ, ಸ್ಟೇಜ್‌ಗಳ ಸಂಖ್ಯೆಗೆ ಅನುಗುಣವಾಗಿ ಏರುತ್ತದೆ. ಎರಡನ್ನೂ ಗುಣಿಸಿ ನೋಡಿದರೆ ಮೊದಲ ಹನಿಗೆ ಬೇಕಾದ ಶಕ್ತಿ ಹತ್ತರಲ್ಲಿ ಒಂದು ಪಾಲು ಮಾತ್ರ ಕಡಿಮೆಯಾಗುತ್ತದೆ. ಪರದೆಯಲ್ಲಿ ದೊಡ್ಡ ಬದಲಾವಣೆ ಕಾಣುತ್ತದೆ, ಗಡಿಯಾರದಲ್ಲಿ ಕೆಲವೇ ನಿಮಿಷಗಳು. ಸ್ಟೇಜ್ ಹೆಚ್ಚಿಸುವುದರ ನಿಜವಾದ ಉಪಯೋಗ ಬೇಸಿಗೆಯಲ್ಲಿ ಮಟ್ಟ ಇಳಿದಾಗ, ಬೆಳಗಿನ ಹೊತ್ತಿನಲ್ಲಲ್ಲ.

ಬಿಎಲ್‌ಡಿಸಿಗೂ ಇದೇ ಅಳತೆಗೋಲನ್ನು ಹಿಡಿಯೋಣ. ಪಂಪ್ ಇದೇ ಸೆಂಟ್ರಿಫ್ಯೂಗಲ್ ಆಗಿದ್ದರೆ 39.5 ಹರ್ಟ್ಸ್‌ಗೆ ಸಮನಾದ ವೇಗ ಅದಕ್ಕೂ ಬೇಕೇ ಬೇಕು. ಮೋಟಾರ್ ಹಗುರ ಹೊರೆಯಲ್ಲೂ ಚೆನ್ನಾಗಿ ಕೆಲಸ ಮಾಡುವುದರಿಂದ 1.3 ಕಿಲೋವ್ಯಾಟ್ ಬದಲು ಸುಮಾರು 1 ಕಿಲೋವ್ಯಾಟ್ ಸಾಕಾಗುತ್ತದೆ. ಬೆಳಗ್ಗೆ ಸುಮಾರು ಅರ್ಧ ಗಂಟೆ, ಸಂಜೆ ಅಷ್ಟೇ ಹೊತ್ತು ಸಿಗಬಹುದು. ಪೂರ್ಣ ವೇಗದಲ್ಲಿ ಉಳಿತಾಯ ಐನೂರು ವ್ಯಾಟಿನ ಹತ್ತಿರ ಬರುತ್ತದೆ. ಇದು ಸಣ್ಣ ಲಾಭವಲ್ಲ, ಹೊಸದಾಗಿ ಹಾಕುವವರಿಗೆ ನಾನು ಅದನ್ನೇ ಹೇಳುತ್ತೇನೆ. ಆದರೆ ಚೆನ್ನಾಗಿ ಓಡುತ್ತಿರುವ ಮೋಟಾರನ್ನು ಇಷ್ಟಕ್ಕಾಗಿ ಮೇಲೆತ್ತಬೇಕೇ ಎಂಬುದು ಬೇರೆ ಪ್ರಶ್ನೆ. ಎರಡು ಪ್ಯಾನೆಲ್ ಹೆಚ್ಚು ಹಾಕಿದರೂ ಪೂರ್ಣ ವೇಗದಲ್ಲಿನ ಲಾಭದ ಬಹುಭಾಗ, ಬೆಳಗಿನ ಲಾಭದ ಅರ್ಧದಷ್ಟು ಬರುತ್ತದೆ.

ತೋಟದ ಬದಿ

ನಮ್ಮದು ಹೆಲಿಕಲ್ ರೋಟರ್ ಪಂಪ್, ಬಿಎಲ್‌ಡಿಸಿ ಮೋಟಾರ್. ನಮ್ಮಲ್ಲಿ ಬೆಳಕು ಹರಿದು ಸ್ವಲ್ಪ ಹೊತ್ತಿಗೇ ಪೆನ್ಸಿಲ್ ದಪ್ಪದ ಧಾರೆ ಶುರುವಾಗುತ್ತದೆ, ಮೋಡ ಬಂದರೂ ಸಣ್ಣಗಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಒಣಬೇಸಾಯ ಅವರ ಪರಿಚಯದವರು ಇಂಥದ್ದನ್ನೇ ನೋಡಿ ಹೇಳಿರಬೇಕು. ಆದರೆ ಇದನ್ನು ಎಲ್ಲರಿಗೂ ಹೇಳಲಾರೆ. ಕೊಳವೆಬಾವಿಯಲ್ಲಿ ಮರಳು ಬರುತ್ತಿದ್ದರೆ ರಬ್ಬರ್ ಸ್ಟೇಟರ್ ಬೇಗ ಸವೆಯುತ್ತದೆ, ನೀರಿಲ್ಲದೆ ಸ್ವಲ್ಪ ಹೊತ್ತು ತಿರುಗಿದರೂ ಸುಟ್ಟುಹೋಗುತ್ತದೆ. ತಪ್ಪಿಯೂ ಡೆಲಿವರಿ ವಾಲ್ವ್ ಮುಚ್ಚಿ ಓಡಿಸಬಾರದು, ಒತ್ತಡ ಏರುತ್ತಲೇ ಹೋಗಿ ಪೈಪೋ ಜೋಡಣೆಯೋ ಬಿಡುತ್ತದೆ.

ನೀರಗಂಟಿ

ತೋಟದ ಬದಿ ಅವರು ಹೇಳಿದ್ದೇ ಈ ಗೊಂದಲದ ಮೂಲ. ಅಲ್ಲಿ ನೀರು ಬೇಗ ಬರುವುದು ಮೋಟಾರ್ ಡಿಸಿ ಎಂಬುದಕ್ಕಿಂತ ಹೆಚ್ಚಾಗಿ ಪಂಪ್ ಹೆಲಿಕಲ್ ಎಂಬ ಕಾರಣಕ್ಕೆ. ಅದು ಪ್ರತಿ ಸುತ್ತಿಗೂ ಒಂದಿಷ್ಟು ನೀರನ್ನು ಹಿಡಿದು ಮೇಲಕ್ಕೆ ನೂಕುತ್ತದೆ, ಆದ್ದರಿಂದ ವೇಗ ಅರ್ಧವಾದರೆ ನೀರು ಅರ್ಧಕ್ಕೆ ಹತ್ತಿರ ಉಳಿಯುತ್ತದೆ, ಎತ್ತರ ಎಷ್ಟಿದ್ದರೂ. ಆದರೆ ಹೊರಡುವಾಗಲೇ ರಬ್ಬರಿನ ಬಿಗಿತವನ್ನು ಬಿಡಿಸಿಕೊಂಡು ತಿರುಗುವಷ್ಟು ಬಲ ಬೇಕು. ಸಾಮಾನ್ಯ ಡ್ರೈವ್‌ನಲ್ಲಿ ಕಡಿಮೆ ಹರ್ಟ್ಸ್‌ನ ಇಂಡಕ್ಷನ್ ಮೋಟಾರಿಗೆ ಆ ಬಲ ಕಷ್ಟ, ಆಯಸ್ಕಾಂತದ ರೋಟರ್‌ಗೆ ಸುಲಭ. ಹಾಗಾಗಿ ಈ ಎರಡನ್ನು ಜೊತೆಯಾಗಿಯೇ ಮಾರುತ್ತಾರೆ, ನೋಡಿದವರು ಕೀರ್ತಿಯನ್ನೆಲ್ಲ ಡಿಸಿಗೆ ಕೊಡುತ್ತಾರೆ. ಒಣಬೇಸಾಯ ಅವರಿಗೆ ಇದನ್ನು ಹೇಳಲಾರೆ. ಅವರಿಗೆ ಬೇಕಾದ ಸೆಕೆಂಡಿಗೆ 3 ಲೀಟರ್ ಈ ಜಾತಿಯ ಪಂಪಿಗೆ ದೊಡ್ಡ ಹರಿವು. ಆಳ ಹೆಚ್ಚಿದ್ದು ಬೇಕಾದ ನೀರು ಕಡಿಮೆ ಇರುವ ಕಡೆಗೆ ಅದು ಒಪ್ಪುತ್ತದೆ.

ವೈಂಡಿಂಗ್ ಕೆಲಸ

ಮೋಟಾರ್ ಉಳಿಸಿಕೊಳ್ಳುವುದಾದರೆ ಅದರ ಆಯುಸ್ಸಿನ ಬಗ್ಗೆ ನಾನು ಹೇಳಬೇಕಾದದ್ದಿದೆ. ನೀರು ಬಾರದ ಹರ್ಟ್ಸ್‌ನಲ್ಲಿ ಗಂಟೆಗಟ್ಟಲೆ ತಿರುಗುವುದು ಸಬ್‌ಮರ್ಸಿಬಲ್ ಮೋಟಾರಿಗೆ ಒಳ್ಳೆಯದಲ್ಲ. ಮೈಮೇಲೆ ನೀರು ಹರಿದರೆ ಮಾತ್ರ ಅದು ತಣ್ಣಗಿರುತ್ತದೆ. ಕೆಳಗಿನ ಥ್ರಸ್ಟ್ ಬೇರಿಂಗ್ ಕೂಡ ನೀರಿನ ತೆಳುಪದರದ ಮೇಲೆ ತೇಲಬೇಕಾದರೆ ಸಾಕಷ್ಟು ವೇಗ ಬೇಕು, ಸಾಮಾನ್ಯವಾಗಿ 30 ಹರ್ಟ್ಸ್‌ಗಿಂತ ಕೆಳಗೆ ಓಡಿಸಬಾರದು ಎನ್ನುತ್ತಾರೆ. ನಿಮ್ಮ ಡ್ರೈವ್‌ನಲ್ಲಿ ಕನಿಷ್ಠ ಹರ್ಟ್ಸನ್ನು ನೀರು ಬೀಳುವ ಅಂಕಿಯ ಹತ್ತಿರಕ್ಕೆ ಇಡಿ. ಬಿಸಿಲು ಅಲ್ಲಿಗೆ ಮುಟ್ಟದಿದ್ದರೆ ಡ್ರೈವ್ ಮಲಗಿ ಕೆಲವು ನಿಮಿಷಗಳ ನಂತರ ಮತ್ತೆ ಪ್ರಯತ್ನಿಸುವಂತೆ ಮಾಡಿ.

ಡ್ರೈ ರನ್ ರಕ್ಷಣೆಯನ್ನೂ ಜೊತೆಗೇ ನೋಡಬೇಕು. ಅದು ಕರೆಂಟ್ ಕಡಿಮೆಯಾದರೆ ನೀರಿಲ್ಲ ಎಂದು ತಿಳಿಯುತ್ತದೆ. ಬೆಳಗಿನ ಮಂದ ಬಿಸಿಲಿನಲ್ಲಿ ವೇಗ ಇಳಿದದ್ದರಿಂದಲೂ ಕರೆಂಟ್ ಕಡಿಮೆಯಾಗುತ್ತದೆ. ಹೀಗಾಗಿ ಬಾವಿಯಲ್ಲಿ ನೀರಿದ್ದರೂ ಡ್ರೈವ್ ಡ್ರೈ ರನ್ ಎಂದು ನಿಂತುಬಿಡುತ್ತದೆ, ಬೇಸರಪಟ್ಟು ಜನ ಆ ರಕ್ಷಣೆಯನ್ನೇ ತೆಗೆದುಹಾಕುತ್ತಾರೆ. ತೆಗೆಯಬೇಡಿ, ಇಂತಿಷ್ಟು ಹರ್ಟ್ಸ್‌ನ ಮೇಲೆ ಮಾತ್ರ ಅದು ನೋಡುವಂತೆ ಹೊಂದಿಸಲು ಬಹಳಷ್ಟು ಸೋಲಾರ್ ಡ್ರೈವ್‌ಗಳಲ್ಲಿ ಅವಕಾಶವಿದೆ.

ಹಳೆಯ ಮೋಟಾರ್, ಉದ್ದ ಕೇಬಲ್ ಎಂದರೆ ಇನ್ನೊಂದು ಭಯವಿದೆ. ಡ್ರೈವ್ ಕಳಿಸುವ ಕತ್ತರಿಸಿದ ವೋಲ್ಟೇಜ್ ಕೇಬಲ್‌ನ ತುದಿಯಲ್ಲಿ ಬಡಿದು ಮರಳುವುದರಿಂದ ಮೋಟಾರ್ ಬಾಯಲ್ಲಿ ಕ್ಷಣಕಾಲ ಒಳಗಿನ ಡಿಸಿಯ ಎರಡರಷ್ಟರವರೆಗೂ ಏರಬಹುದು. ಡ್ರೈವ್ ಹೊರಬದಿಗೆ ಫಿಲ್ಟರ್ ಇದೆಯೇ ನೋಡಿ, ಇಲ್ಲದಿದ್ದರೆ ಹಾಕಿಸಿ. ಇದಿಷ್ಟಾದರೂ ನಾನು ಎಸಿ ಕಡೆಗೇ ಒಲಿಯುತ್ತೇನೆ. ಡ್ರೈವ್ ಕೆಟ್ಟರೆ ಬೇರೆ ಯಾರ ಡ್ರೈವನ್ನಾದರೂ ತಂದು ಹಾಕಬಹುದು, ಮೋಟಾರ್ ಸುಟ್ಟರೆ ನಾವೇ ಸುತ್ತುತ್ತೇವೆ. ಬಿಎಲ್‌ಡಿಸಿಯಲ್ಲಿ ಕಂಟ್ರೋಲರ್ ಹೋದರೆ ಅದೇ ಕಂಪನಿಯದ್ದು ಬರುವವರೆಗೆ ಮೋಟಾರ್ ಸುಮ್ಮನೆ ಬಾವಿಯೊಳಗೆ ಕುಳಿತಿರುತ್ತದೆ.

ತೋಟದ ಬದಿ

ಆ ಕಾಯುವಿಕೆ ನಮಗೂ ಆಗಿದೆ, ಬೆಳೆ ನಿಂತಿರುವಾಗ ಅದು ಬಹಳ ಕಷ್ಟ. ಆದರೂ ಹೊಸದಾಗಿ ಹಾಕುವಾಗ ಅದೇ ಪ್ಯಾನೆಲ್‌ಗಳಲ್ಲಿ ದಿನಕ್ಕೆ ಸಿಗುವ ನೀರು ಹೆಚ್ಚು ಎಂಬುದನ್ನು ಬದಿಗಿಡುವುದು ಸರಿಯಲ್ಲ. ಒಂದು ಕಂಟ್ರೋಲರನ್ನು ಹೆಚ್ಚುವರಿಯಾಗಿ ತಂದಿಟ್ಟುಕೊಂಡರೆ ಆ ಭಯ ಇರುವುದಿಲ್ಲ.

ವೈಂಡಿಂಗ್ ಕೆಲಸ

ಕೊಳ್ಳುವ ಶಕ್ತಿ ಇರುವವರಿಗೆ ಸರಿ. ನನ್ನ ಅಭಿಪ್ರಾಯ ಬದಲಾಗಿಲ್ಲ.

ಒಣಬೇಸಾಯ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಇನ್ನೂ ಒಂದು ಸಂದೇಹ: ಮೋಡ ಸರಿದು ಹರ್ಟ್ಸ್ ಮತ್ತೆ 46ಕ್ಕೆ ಏರಿದ ಮೇಲೂ ನೀರು ಬರಲು ಸುಮಾರು ಒಂದು ನಿಮಿಷ ಹಿಡಿಯುತ್ತದೆ. ಇದೂ ಡ್ರೈವ್‌ನ ಗುಣವೇ?

ನೀರಗಂಟಿ

ಅಲ್ಲ, ನಾನ್ ರಿಟರ್ನ್ ವಾಲ್ವ್ ಸೋರುತ್ತಿರಬೇಕು. ನಿಮ್ಮದು 2 ಇಂಚಿನ ಪೈಪಾದರೆ 50 ಮೀಟರ್ ಉದ್ದದಲ್ಲಿ ಸುಮಾರು 100 ಲೀಟರ್ ನೀರು ನಿಂತಿರುತ್ತದೆ. ವಾಲ್ವ್ ಬಿಗಿಯಾಗಿದ್ದರೆ ಆ ಕಂಬ ಅಲ್ಲೇ ಇದ್ದು, ವೇಗ ಬಂದ ಕೂಡಲೇ ತೊಟ್ಟಿಗೆ ನೀರು ಬೀಳುತ್ತದೆ. ಮೋಡಕ್ಕೆ ಡ್ರೈವ್ ನಿಂತಾಗ ಅದು ಸೋರಿ ಕೆಳಗಿಳಿದರೆ ಪ್ರತಿ ಸಲವೂ ಆ 100 ಲೀಟರ್ ಮತ್ತೆ ತುಂಬಬೇಕು, ಸೆಕೆಂಡಿಗೆ 2 ಲೀಟರಿನಂತೆ ಅದಕ್ಕೆ ಹಿಡಿಯುವುದು ಮುಕ್ಕಾಲು ನಿಮಿಷದ ಮೇಲೆ. ಮೋಡದ ದಿನ ಇದು ಎಷ್ಟು ನೀರನ್ನು ತಿನ್ನುತ್ತದೆ ಎಂದು ಯೋಚಿಸಿ.

ಒಂದು ಪರೀಕ್ಷೆ ಮಾಡಿ. ನೆತ್ತಿಯ ಬಿಸಿಲಿನಲ್ಲಿ, ಡ್ರೈವ್‌ನಲ್ಲಿ ಗರಿಷ್ಠ ಹರ್ಟ್ಸನ್ನು 50, 45 ಎಂದು ಒಂದೊಂದಾಗಿ ಕಟ್ಟಿಹಾಕಿ, 200 ಲೀಟರಿನ ಡ್ರಮ್ ತುಂಬಲು ಎಷ್ಟು ಸೆಕೆಂಡು ಬೇಕೆಂದು ನೋಡಿ. ನನ್ನ ಲೆಕ್ಕದಲ್ಲಿ 67 ಮತ್ತು 95 ಬರಬೇಕು. ಆಮೇಲೆ ಇಳಿಸುತ್ತಾ ಹೋಗಿ ನೀರು ನಿಲ್ಲುವ ಅಂಕಿಯನ್ನು ಬರೆದುಕೊಳ್ಳಿ.

ಒಣಬೇಸಾಯ

ನೋಡಿದೆ. 50ಕ್ಕೆ 72 ಸೆಕೆಂಡು, 45ಕ್ಕೆ 112 ಸೆಕೆಂಡು. ನೀರು ನಿಂತದ್ದು 39.5ಕ್ಕಲ್ಲ, 41ಕ್ಕೆ.

ಸೂರ್ಯಕಾಂತಿ

ಹಾಗಾದರೆ ಇಂಪೆಲ್ಲರ್‌ಗಳು ಸವೆದಿವೆ. ಪಂಪ್ ಎತ್ತಲೇಬೇಕಾದರೆ ಮೋಟಾರನ್ನೂ ಈಗಲೇ ಬದಲಾಯಿಸುವುದು ಒಳ್ಳೆಯದು.

ನೀರಗಂಟಿ

ಅವಸರ ಬೇಡ. ಈ ಅಂಕಿಗಳಿಗೆ ಎರಡು ಅರ್ಥಗಳಿವೆ. ಸವೆದ ಪಂಪ್ 80ರ ಬದಲು 74 ಮೀಟರ್ ತಳ್ಳುತ್ತಿರಬಹುದು, ಇಲ್ಲವೇ ಪಂಪ್ ಚೆನ್ನಾಗಿದ್ದು ನೀರಿನ ಮಟ್ಟವೇ ನೀವು ಹೇಳಿದ್ದಕ್ಕಿಂತ 4 ಮೀಟರ್‌ನಷ್ಟು ಕೆಳಗಿರಬಹುದು. ಮೊದಲನೆಯದಾದರೆ ಡ್ರಮ್‌ಗೆ 74 ಮತ್ತು 114 ಸೆಕೆಂಡು ಬರಬೇಕು, ಎರಡನೆಯದಾದರೆ 71 ಮತ್ತು 110; ನಿಮ್ಮ ಅಂಕಿಗಳು ಇವೆರಡರ ನಡುವೆ ಇವೆ, ಕೈಯಲ್ಲಿ ಹಿಡಿದ ಗಡಿಯಾರದಿಂದ ಇಷ್ಟು ಸಣ್ಣ ಅಂತರವನ್ನು ನಂಬಲಾಗದು. 45 ಮೀಟರ್ ಎಂದು ಅಳೆದದ್ದು ಪಂಪ್ ನಿಂತಿದ್ದಾಗಲೇ?

ಒಣಬೇಸಾಯ

ಹೌದು, ಪಂಪ್ ನಿಂತಿದ್ದಾಗ, ಬೆಳಗ್ಗೆ.

ನೀರಗಂಟಿ

ಹಾಗಾದರೆ ನೀವು ಮಧ್ಯಾಹ್ನ ಮೇಲಿನಿಂದ ಇಳಿಸುತ್ತಾ ಬಂದಾಗ, ಅದುವರೆಗೆ ಎಳೆದ ನೀರಿನಿಂದ ಬಾವಿಯ ಮಟ್ಟ ತಗ್ಗಿಯೇ ಇದ್ದಿರಬೇಕು. ರಾತ್ರಿಯೆಲ್ಲ ನೀರು ತುಂಬಿಕೊಂಡ ಮೇಲೆ, ಬೆಳಗ್ಗೆ ಬಿಸಿಲು ಏರುವಾಗ ಕೆಳಗಿನಿಂದ ಮೇಲಕ್ಕೆ ನೋಡಿ. ಮೊದಲು ಹಗ್ಗ ಇಳಿಬಿಟ್ಟು ಮಟ್ಟ ಅಳೆಯಿರಿ, ಪೈಪಿನ ಕಂಬ ತುಂಬಲು ಸಮಯ ಸಿಗುವಂತೆ ಪ್ರತಿ ಅಂಕಿಯಲ್ಲೂ ಕೆಲವು ನಿಮಿಷ ನಿಲ್ಲಿಸಿ. ಮಟ್ಟ 45ರಲ್ಲೇ ಇದ್ದು ನೀರು 39.5 ಅಥವಾ 40ಕ್ಕೆ ಬಿದ್ದರೆ ಪಂಪ್ ಸರಿಯಿದೆ, ಬಾವಿಯ ಮಟ್ಟ ಹಗಲಿನಲ್ಲಿ ತಗ್ಗುತ್ತಿದೆ ಎಂದರ್ಥ. ಆಗ ಪ್ಯಾನೆಲ್ ಹೆಚ್ಚಿಸುವ ಮೊದಲು ಬಾವಿ ಎಷ್ಟು ಕೊಡಬಲ್ಲದು ಎಂದು ನೋಡಬೇಕಾಗುತ್ತದೆ. ಮಟ್ಟ 45 ಇದ್ದೂ 41ಕ್ಕೇ ಬಿದ್ದರೆ ಸೂರ್ಯಕಾಂತಿ ಅವರು ಹೇಳಿದ್ದು ಸರಿ.

ವೈಂಡಿಂಗ್ ಕೆಲಸ

ಎತ್ತುವಂತಾದರೆ ನಾನ್ ರಿಟರ್ನ್ ವಾಲ್ವನ್ನು ಆಗಲೇ ಬದಲಾಯಿಸಿ, ಅದಕ್ಕಾಗಿ ಇನ್ನೊಮ್ಮೆ ಪೈಪ್ ಬಿಚ್ಚಿಸಬೇಡಿ. ಬೆಳಗಿನ ಪರೀಕ್ಷೆ ಮುಗಿದ ಮೇಲೆ, ಎತ್ತುವವರೆಗೆ ಕನಿಷ್ಠ ಹರ್ಟ್ಸನ್ನು 41ರಲ್ಲಿ ಇಟ್ಟಿರಿ.